ಗೆರೆ ಕೆಡಿಸಿದ ಚುಕ್ಕಿ

ಬೆಂಗಳೂರನ್ನು ಬಿಡು ಎಂದದ್ದು ನಾನೋ, ಅಕ್ಕ ತಾನಾಗಿಯೇ ಬಿಟ್ಟಳೋ, ನನಗೆ ಖಚಿತವಿರಲಿಲ್ಲ. ಅವಳೇ ಬಿಟ್ಟಳೆಂದು ಬಹಳ ವರ್ಷ ನಂಬಿದ್ದೆ. ಹಾಗೆ ನಂಬುವುದು ನನಗೆ ಅನುಕೂಲವಾಗಿತ್ತು. ಅದಕ್ಕೇ ಆ ನೆನಪಿನ ಮೇಲೆ ಅನುಮಾನವೂ ಇತ್ತು.

ಅಕ್ಕ ಹಿರೇಕೆರೂರಿನಲ್ಲಿ ಕಾಲೇಜು ಹುಡುಗರಿಗೆ ಭೂಗೋಳ ಕಲಿಸುತ್ತಿದ್ದಳು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಯಾಕೆ ಸಣ್ಣವಾಗಿಯೇ ಉಳಿದವು ಎಂಬುದು ಅವಳ ಪಿಎಚ್‌ಡಿ ಪ್ರಶ್ನೆ. ರಜೆಯಲ್ಲಿ ನಾವಿಬ್ಬರೂ ಬಸ್‌ಸ್ಟ್ಯಾಂಡುಗಳಲ್ಲಿ ನಿಂತು, ಯಾವ ಕೆಲಸಕ್ಕೆ ಯಾವ ಊರಿಗೆ ಹೋಗುತ್ತೀರಿ ಎಂದು ಜನರನ್ನು ಕೇಳುತ್ತಿದ್ದೆವು. ಶಿಗ್ಗಾಂವಿಯಲ್ಲಿ ಒಬ್ಬ ಅಜ್ಜ ಹಲ್ಲು ಕಟ್ಟಿಸಲು ಹುಬ್ಬಳ್ಳಿಗೆ ಹೊರಟಿದ್ದ.

"ಹಾನಗಲ್ಲಿಗೆ ಯಾಕ ಹೋಗೂದಿಲ್ರಿ ಅಜ್ಜಾರ?" ಎಂದಳು ಅಕ್ಕ.

"ಅಲ್ಲೇನೈತಿ ಯವ್ವಾ? ಇಲ್ಲಿದ್ದದ್ದ ಅಲ್ಲೂ ಐತಿ. ಇಲ್ಲಿ ಇಲ್ಲದ್ದು ಅಲ್ಲೂ ಇಲ್ಲ."

ಅಕ್ಕ ನಗುತ್ತ ಬರೆದುಕೊಂಡಳು.

ಆಮೇಲೆ ಲಾಗ್ ಹಾಳೆಯ ಕೆಲಸ; ಹತ್ತು, ನೂರು, ಸಾವಿರ ಸಮದೂರದಲ್ಲಿ ಬರುವ ಗ್ರಾಫ್ ಕಾಗದ ಅದು. ರಾಜ್ಯದ ಊರುಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲುಹಚ್ಚಿ, ಅಡ್ಡಕ್ಕೆ ಸ್ಥಾನ, ಉದ್ದಕ್ಕೆ ಜನಸಂಖ್ಯೆ ಹಿಡಿದು ಚುಕ್ಕಿ ಇಡಬೇಕು. ಎರಡನೆಯ ಊರು ಮೊದಲನೆಯದರ ಅರ್ಧ, ಮೂರನೆಯದು ಮೂರರಲ್ಲೊಂದು ಪಾಲು, ಹೀಗೇ ಹೋದರೆ ಚುಕ್ಕಿಗಳು ನೇರ ಗೆರೆಯಲ್ಲಿ ಇಳಿಯುತ್ತವೆ. ನಮ್ಮಲ್ಲಿ ಎರಡನೆಯದು ಮೊದಲನೆಯದರ ಕಾಲುಭಾಗವೂ ಇಲ್ಲ. ಬೆಂಗಳೂರು ಗೆರೆ ಬಿಟ್ಟು ಮೇಲಿನ ಮೂಲೆಯಲ್ಲಿ ಒಂಟಿಯಾಗಿ ಕೂತಿತ್ತು. ಅದನ್ನು ತೆಗೆದರೆ ಉಳಿದವು ಹೆಚ್ಚುಕಡಿಮೆ ನೇರವಾದವು. ಸಲ್ಲಿಸಿದ ಪ್ರಬಂಧದಲ್ಲಿ ಆ ಚುಕ್ಕಿ ಇರಲಿಲ್ಲ.

"ಗೆರಿ ಇಷ್ಟ ನೆಟ್ಟಗೈತಿ. ಮತ್ತ ನಿಮ್ಮ ತಕರಾರ ಏನ್ರಿ? ಬೆಂಗಳೂರ ಎಲ್ಲಿ ಹೋತು?" ಎಂದರು ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು.

ಒಂದೇ ಊರು ಎಲ್ಲವನ್ನೂ ಎಳೆದುಕೊಂಡಿದೆ ಎಂಬುದೇ ಅವಳ ವಾದ. ಅದಕ್ಕಿದ್ದ ಸಾಕ್ಷಿಯನ್ನೇ ಹಾಳೆಯಿಂದ ತೆಗೆದಿದ್ದೆವು.

"ನನ್ನ ತಪ್ಪರೀ," ಎಂದಳು ಅಕ್ಕ. ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದೆ. ತಿದ್ದಿ ತರಲು ಹೇಳಿದರು. ಅವಳು ತಿದ್ದಬೇಕೆನ್ನುವಷ್ಟರಲ್ಲಿ ಕಾಯಿಲೆ ಬಂತು.

ಹಿರೇಕೆರೂರಿನ ಡಾಕ್ಟರು ಹಾವೇರಿಗೆ ಬರೆದುಕೊಟ್ಟರು, ಹಾವೇರಿಯವರು ಹುಬ್ಬಳ್ಳಿಗೆ, ಹುಬ್ಬಳ್ಳಿಯವರು ಬೆಂಗಳೂರಿಗೆ.

"ನೋಡೋ ತಮ್ಮಾ," ಎಂದಳು ಗಾಡಿಯಲ್ಲಿ ಮಲಗಿಕೊಂಡೇ, "ಒಂದೊಂದ ಮೆಟ್ಲಾ ಏರಾಕತ್ತೇನಿ. ಈಗರ ಬೆಂಗಳೂರ ಸೇರಸ್ತೀಯಿಲ್ಲೊ?"

ನಕ್ಕೆ ಎಂದು ನೆನಪು. ನಕ್ಕಿರಲಿಕ್ಕಿಲ್ಲ. ಆ ಮಾತಿನಲ್ಲಿ ಚುಚ್ಚು ಇತ್ತೋ, ಬರೀ ತಮಾಷೆಯೋ, ಅದೂ ತಿಳಿಯದು. ಅವಳು ತಿರುಗಿ ಬರಲಿಲ್ಲ.

ಹೋದ ತಿಂಗಳು ಅವಳ ಕಪಾಟಿನಲ್ಲಿ ಆ ಲಾಗ್ ಹಾಳೆ ಸಿಕ್ಕಿತು. ಮೇಲಿನ ಮೂಲೆಯ ಚುಕ್ಕಿಯ ಸುತ್ತ ಪೆನ್ಸಿಲ್ಲಿನ ದುಂಡು ಗೆರೆ, ಪಕ್ಕದಲ್ಲಿ ಬರಹ: "ಇದನ್ನ ಬಿಡು, ಗೆರಿ ಕೆಡಸ್ತೈತಿ." ನನ್ನ ಹಳೆಯ ನೋಟ್‌ಬುಕ್ಕುಗಳನ್ನು ತಂದು ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಹೋಲಿಸಿದೆ. ಕೈಬರಹ ನನ್ನದೇ.