ಸಿಕೆ-4 ಕೇಳಿ ಬರೆದ ಕಾಗದ

ಗಂಡ ತೀರಿಕೊಂಡ ಮೇಲೆ ಆರು ಲಾರಿಗಳ ಭಾರ ಅವಳ ಹೆಗಲಿಗೆ ಬಿತ್ತು. ಆರರಲ್ಲಿ ಎರಡು ಹೊಸವು. ಅವುಗಳ ಪೈಕಿ ಒಂದರ ಸೈಲೆನ್ಸರ್ ಫಿಲ್ಟರ್ ವರ್ಷದಲ್ಲಿ ಎರಡನೇ ಸಲ ಕಟ್ಟಿಕೊಂಡಾಗ, ಗಾಡಿ ನಿಲ್ಲಿಸಿಕೊಂಡೇ ಇಂಜಿನ್ ಓಡಿಸಿ ಮಸಿ ಕಟ್ಟಿಸುತ್ತಾನೆಂದು, ಹನ್ನೊಂದು ವರ್ಷದಿಂದ ಜೊತೆಗಿದ್ದ ಡ್ರೈವರನ್ನು ಕೆಲಸದಿಂದ ತೆಗೆದಳು. ಅವನು ಕೀಲಿ ಮೇಜಿನ ಮೇಲಿಟ್ಟು ಹೋದ.

ಮರುವಾರ ಇನ್ನೊಂದು ಹೊಸ ಲಾರಿಗೂ ಅದೇ ಗತಿ. ಮೆಕ್ಯಾನಿಕ್ ಶೆಡ್ಡಿನ ಎಣ್ಣೆ ಬ್ಯಾರಲ್ ಮೇಲಿನ ಅಕ್ಷರ ಓದಿ, "ಇದು ಸಿಐ-4 ದರ್ಜೆ ಎಣ್ಣೆ ಅಕ್ಕ. ಹಳೇ ಗಾಡಿಗೆ ಸರಿ. ಹೊಸದಕ್ಕೆ ಬೂದಿ ಕಮ್ಮಿ ಇರೋ ಸಿಕೆ-4 ಬೇಕು. ಮಸಿ ಆದ್ರೆ ಫಿಲ್ಟರ್‌ನಲ್ಲೇ ಸುಟ್ಟುಹೋಗುತ್ತೆ, ಎಣ್ಣೆಯ ಬೂದಿ ಹೋಗಲ್ಲ" ಎಂದ.

ತಪ್ಪು ಡ್ರೈವರಿನದಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಗಾಡಿಯ ಜೊತೆ ಬಂದ ಪುಸ್ತಕವನ್ನು ತಾನೂ ತೆರೆದು ನೋಡಿರಲಿಲ್ಲ.

ಆ ಬ್ಯಾರಲ್ ಕೊಟ್ಟ ಎಣ್ಣೆ ಅಂಗಡಿಯವನು ಗಂಡನ ಗೆಳೆಯ, ಇವಳನ್ನು ಅತ್ತಿಗೆ ಎನ್ನುವವನು. ಇಷ್ಟು ದಿನ ಒಂದು ಫೋನ್ ಸಾಕಾಗಿತ್ತು. ಈ ಸಲ ಕಾಗದ ಬರೆದಳು: "ಮಾನ್ಯರೇ, 15ಡಬ್ಲ್ಯೂ-40, ಸಿಕೆ-4 ದರ್ಜೆಯ ಡೀಸೆಲ್ ಇಂಜಿನ್ ಆಯಿಲ್, 210 ಲೀಟರಿನ ಸೀಲಾದ ನಾಲ್ಕು ಬ್ಯಾರಲ್‌ಗಳಿಗೆ ಲೀಟರಿನ ದರ, ತೆರಿಗೆ, ಸಾಗಣೆ, ದರ ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ತಿಳಿಸಿ. ಬ್ಯಾಚ್ ನಂಬರಿನ ಪರೀಕ್ಷಾ ಪತ್ರವೂ ಬೇಕು." 'ಮಾನ್ಯರೇ' ಎಂಬಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು.

ಮೂರನೇ ದಿನ ಕೊಟೇಶನ್ ಬಂತು. ದರ ಕಡಿಮೆಯೇ ಇತ್ತು. ದರ್ಜೆಯ ಜಾಗದಲ್ಲಿ 'ಸಿಐ-4, ಸಮಾನ ಗುಣಮಟ್ಟ' ಎಂದಿತ್ತು. ಅದನ್ನು ಹಿಡಿದುಕೊಂಡೇ ಅಂಗಡಿಗೆ ಹೋದಳು.

"ಎಲ್ಲಾ ಒಂದೇ ಅತ್ತಿಗೆ. ಮೆಕ್ಯಾನಿಕ್‌ಗಳು ತಲೆ ತಿಂತಾರೆ ಅಷ್ಟೆ."

"ಒಂದೇ ಆಗಿದ್ರೆ ನಾನು ಕೇಳಿದ್ದನ್ನೇ ಬರೀಬಹುದಿತ್ತಲ್ಲ?"

ಅವನು ಡಬ್ಬಿಗಳ ಧೂಳು ಒರೆಸತೊಡಗಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಹೊಸ ಗಾಡಿ ಬಂದಾಗ ನೀವೇ ಬಂದು ಬಾನೆಟ್ ತಟ್ಟಿ ನೋಡಿದ್ರಿ. ಅದಕ್ಕೆ ಸಿಕೆ-4 ಬೇಕು ಅಂತ ಆಗ ಗೊತ್ತಿತ್ತಾ?"

"ಗೊತ್ತಿತ್ತು," ಎಂದ ಕೊನೆಗೆ. "ನನ್ನ ಹತ್ರ ಆ ಮಾಲು ಇರಲಿಲ್ಲ. ಹೇಳಿದ್ರೆ ನೀವು ಬೇರೆ ಅಂಗಡಿ ನೋಡ್ತಿದ್ರಿ. ನನ್ನ ಗೆಳೆಯ ಹೋದ ಮೇಲೆ ಈ ಅಂಗಡಿಗೆ ನಮ್ಮೋರು ಅಂತ ಬರೋರು ನೀವೊಬ್ರೇ."

ಬೈಯಲೆಂದೇ ಬಂದಿದ್ದವಳು ಕೊಟೇಶನ್ ಮಡಿಸಿ ಅವನ ಮುಂದಿಟ್ಟಳು. "ನಾನು ಒಬ್ಬ ಮನುಷ್ಯನ ಅನ್ನ ಕಿತ್ಕೊಂಡೆ," ಎಂದಷ್ಟೇ ಹೇಳಿ ಹೊರಬಂದಳು.

ಅದೇ ಕಾಗದದ ಪ್ರತಿಯನ್ನು ಇನ್ನೊಬ್ಬ ಡೀಲರ್‌ಗೆ ಕಳಿಸಿದಳು. ಅವನು ಸಿಕೆ-4 ಎಂದೇ ಬರೆದ, ಪರೀಕ್ಷಾ ಪತ್ರವನ್ನೂ ಲಗತ್ತಿಸಿದ. ಆರ್ಡರ್ ಅವನಿಗೇ ಹೋಯಿತು.

ಡ್ರೈವರ್ ಆಗಲೇ ಬೇರೊಬ್ಬರ ಗಾಡಿ ಹತ್ತಿದ್ದ. ಲಾರಿ ಸ್ಟ್ಯಾಂಡಿನಲ್ಲಿ ಹುಡುಕಿ, ಎಲ್ಲರ ಎದುರೇ ತಪ್ಪು ತನ್ನದೆಂದಳು.

"ಆಯ್ತಕ್ಕ, ಬಿಡಿ," ಎಂದ ಅವನು. ಮುಖದಲ್ಲಿ ಕೋಪವಿರಲಿಲ್ಲ. "ಆದ್ರೆ ವಾಪಸ್ ಬರಲ್ಲ. ಒಂದು ಮಾತು ಕೇಳಿದ್ರೆ ಸಾಕಿತ್ತು ನೀವು."

ಅವಳು ತಲೆಯಾಡಿಸಿದಳು. ಅವನ ಲಾರಿ ಗೇಟು ದಾಟುವವರೆಗೆ ಅಲ್ಲೇ ನಿಂತಿದ್ದಳು.