ಹೊಲಿದ ಇಸ್ತ್ರಿ ಗೆರೆ

ಇರಿತಕ್ಕೆ ಬಿದ್ದ ಕಾವಲುಗಾರನ ಮುಷ್ಟಿಯಲ್ಲಿ ಇರಿದವನ ಪ್ಯಾಂಟಿನ ಚೂರೊಂದು ಉಳಿದಿತ್ತು. ಅದು ರಬ್ಬರಿನಂತೆ ಹಿಗ್ಗುತ್ತದೆ, ಆಟದ ಪ್ಯಾಂಟಿನದೇ ಇರಬೇಕೆಂದು ಜನ, ಟ್ರ್ಯಾಕ್ ಪ್ಯಾಂಟ್ ತೊಟ್ಟಿದ್ದ ದರ್ಜಿಯಕ್ಕನ ತಮ್ಮನನ್ನು ಅವಳ ಅಂಗಡಿಯೆದುರೇ ದೊಣ್ಣೆಗಳಿಂದ ಬಡಿದು ಕೆಡವಿ, ಹಲ್ಲು ಉದುರುವಂತೆ ಒದೆಯುತ್ತಿದ್ದರು.

ಇಪ್ಪತ್ತು ವರ್ಷ ಪ್ಯಾಂಟುಗಳ ಹೊಲಿಗೆ ಬಿಚ್ಚಿ ಹೊಲಿದ ಬೆರಳುಗಳು ಅವಳವು. ಜನರ ಕೈಯಿಂದ ಆ ಚೂರನ್ನು ಕಸಿದು ಉದ್ದಕ್ಕೂ ಅಡ್ಡಕ್ಕೂ ಎಳೆದಳು. ಎರಡೂ ಕಡೆ ಹಿಗ್ಗಿತು. ಆದರೆ ನಡುವೆ ಹೊಲಿದೇ ಕೂರಿಸಿದ ಇಸ್ತ್ರಿ ಗೆರೆಯಿತ್ತು.

"ಇದು ಆಟದ ಬಟ್ಟೇಲಿ ಹೊಲಿದ ಆಫೀಸ್ ಪ್ಯಾಂಟು ಕಣ್ರೋ. ನನ್ನ ತಮ್ಮನದಕ್ಕೆ ಗೆರೆ ಎಲ್ಲಿದೆ?"

ಒದೆಯುವ ಕಾಲುಗಳನ್ನು ನೋಡಿದಳು. ಎಲ್ಲರಿಗಿಂತ ಜೋರಾಗಿ ಒದೆಯುತ್ತಿದ್ದವನ ಬೂದು ಪ್ಯಾಂಟಿನಲ್ಲಿ ತೊಡೆಯ ಬಳಿ ಗೆರೆ ಸಮೇತ ಒಂದು ಚೂರು ಕಿತ್ತುಹೋಗಿತ್ತು.

"ಸಾರ್, ನಿಮ್ಮ ಗೆರೆ ಎಲ್ಲಿ ಹೋಯ್ತು?"

ಅವನು ಓಡಲು ತಿರುಗಿದ. ಜನರ ದೊಣ್ಣೆಗಳೂ ಅವನತ್ತ ತಿರುಗಿದವು. ತಮ್ಮನ ತಲೆಯನ್ನು ಮಡಿಲಿಗೆಳೆದುಕೊಂಡು ಅವಳು ಕಣ್ಣು ಮುಚ್ಚಿದಳು. ಮೂಳೆ ಮುರಿಯುವ ಸದ್ದು ಕೇಳುತ್ತಲೇ ಇತ್ತು.