ಪ್ರಿಯಂವದಾ ಮಿಸ್ಸಿನ ಭಾನುವಾರದ ಮೆಸೇಜು

ಪ್ರಿಯಂವದಾ ಮಿಸ್ಸು ಹದಿನೇಳು ವರ್ಷದಿಂದ ಒಂದು ದಿನವೂ ತಪ್ಪಿಸದ ಅಭ್ಯಾಸ ಒಂದಿದೆ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಶಿಡ್ಲಘಟ್ಟದ ಬೀದಿಗಳಲ್ಲಿ ಒಂದೂವರೆ ಕಿಲೋಮೀಟರ್ ನಡೆದು ಶಾಲೆಗೆ ಬರುತ್ತಾರೆ. ಎಲ್‌ಕೆಜಿ ಕೋಣೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಒಳಗೆ ಬರುವ ಪ್ರತಿ ಮಗುವಿನ ಮುಖಕ್ಕೆ ಮುಖ ಕೊಟ್ಟು ಕೇಳುವುದು ಒಂದೇ ಪ್ರಶ್ನೆ: "ಬರೋ ದಾರೀಲಿ ಏನ್ ನೋಡ್ದೆ?"

ಮಕ್ಕಳ ಬಳಿ ಉತ್ತರಕ್ಕೇನು ಬರವೇ? ಒಬ್ಬ ಟ್ರ್ಯಾಕ್ಟರ್ ತುಂಬ ಹಿಪ್ಪುನೇರಳೆ ಸೊಪ್ಪು ನೋಡಿರುತ್ತಾನೆ. ಇನ್ನೊಬ್ಬಳು ಮೂರು ಕಾಲಿನ ನಾಯಿ. ಹೇಳಿ ಮುಗಿಸಿದ ಮೇಲೆ ಸುಮ್ಮನೆ ಒಳಗೆ ಹೋಗುವುದಿಲ್ಲ, "ನೀವೇನ್ ನೋಡಿದ್ರಿ ಮಿಸ್?" ಎಂದು ತಿರುಗಿಸಿ ಕೇಳುತ್ತಾರೆ. ಇಪ್ಪತ್ತೆರಡು ಮಕ್ಕಳಿಗೂ ಬೇರೆ ಬೇರೆ ಉತ್ತರ ಬೇಕು. ಅದಕ್ಕೇ ಮಿಸ್ಸು ನಡೆಯುವಾಗ ಅತ್ತಿತ್ತ ನೋಡುತ್ತಲೇ ನಡೆಯುತ್ತಾರೆ. ಹೊಸಬರು ಯಾರಾದರೂ ಕಂಡರೆ, ಪಾಪ, ಈಯಮ್ಮ ಏನೋ ಕಳೆದುಕೊಂಡು ಹುಡುಕುತ್ತಿದ್ದಾರೆ ಅಂದುಕೊಳ್ಳಬೇಕು.

ಒಂದು ವರ್ಷ ದಸರಾ ರಜೆ ಮುಗಿಸಿ ಬಂದ ತನುಶ್ರೀ ಹೇಳಿದ್ದು, "ಮೊಬೈಲ್ ನೋಡ್ದೆ."

"ದಾರೀಲಿ ಕಣಮ್ಮ?"

"ದಾರೀಲೂ ಮೊಬೈಲೇ."

ನಾಲ್ಕು ವರ್ಷದ ಹುಡುಗಿ. ಅಪ್ಪನ ಬೈಕಿನ ಟ್ಯಾಂಕಿನ ಮೇಲೆ ಕೂತು, ಎರಡು ಕೈಯಲ್ಲಿ ಫೋನು ಹಿಡಿದುಕೊಂಡೇ ಬರುತ್ತಿದ್ದಳು. ಅದೇ ವಾರ ಇನ್ನೂ ಆರು ಮಕ್ಕಳು ಹೆಚ್ಚುಕಡಿಮೆ ಅದೇ ಉತ್ತರ ಕೊಟ್ಟರು. ಆದರೆ ಮಿಸ್ಸಿಗೆ ಹೆಚ್ಚು ಚುಚ್ಚಿದ್ದು ತನುಶ್ರೀಯದು. ಜೂನಿನಲ್ಲಿ ಒಂದು ಇರುವೆಯ ಬಗ್ಗೆ ಐದು ನಿಮಿಷ ಮಾತಾಡಿದ್ದ ಹುಡುಗಿ ಅವಳು.

ಮಿಸ್ಸು ಹೆಡ್‌ಮಾಸ್ಟರ್ ಪುಟ್ಟಸ್ವಾಮಯ್ಯನವರ ಹತ್ತಿರ ಹೋಗಿ, ಪೋಷಕರ ಗ್ರೂಪಿಗೆ ಒಂದು ಮೆಸೇಜು ಹಾಕುತ್ತೇನೆ ಎಂದರು. ಅವರು, "ಹಾಕಿ, ಹಾಕಿ. ಇಂಗ್ಲಿಷಲ್ಲಿ ರೆಡಿಮೇಡ್ ಸಿಗ್ತವೆ, ಕಳಿಸಲಾ?" ಎಂದರು.

"ಬೇಡ ಸಾರ್. ಓದೋರು ನಮ್ಮೋರು."

ಶುಕ್ರವಾರ ಸಂಜೆ ಕೂತು ಬರೆದರು. "ಎರಡರಿಂದ ಐದು ವರ್ಷದ ಮಕ್ಕಳಿಗೆ ಟಿವಿ, ಮೊಬೈಲ್ ಎರಡೂ ಸೇರಿ ದಿನಕ್ಕೆ ಒಂದು ಗಂಟೆ ಮೀರದಿರಲಿ. ಅದೂ ದೊಡ್ಡವರು ಪಕ್ಕದಲ್ಲಿ ಕೂತು ತೋರಿಸಬೇಕು. ಊಟ ಮಾಡಿಸುವಾಗ ಬೇಡ. ಮಲಗುವ ಒಂದು ಗಂಟೆ ಮುಂಚೆಯಿಂದ ಬೇಡ. ಈ ಭಾನುವಾರ ಮಗುವಿನ ಜೊತೆ ಅವರೆಕಾಯಿ ಸುಲಿಯಿರಿ. ಒಗೆದ ಬಟ್ಟೆಯಲ್ಲಿ ಅಪ್ಪನದು, ಅಮ್ಮನದು ಬೇರೆ ಮಾಡಿಸಿ. ಸಂಜೆ ಕೆರೆ ಕಟ್ಟೆಯವರೆಗೆ ನಡೆದು ಬನ್ನಿ." ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕೊನೆಗೆ ಇನ್ನೊಂದು ಸಾಲು ಸೇರಿಸಿದರು: "ಮಾಡಿದ್ದನ್ನು ಫೋಟೋ ತೆಗೆದು ಗ್ರೂಪಿಗೆ ಹಾಕಿ."

ಭಾನುವಾರ ಗ್ರೂಪು ಜಾತ್ರೆಯಾಯಿತು. ಅಚ್ಯುತ್‌ನ ಅಪ್ಪ ಶ್ರೀಕರ್, ತಾಲ್ಲೂಕು ಕಚೇರಿಯ ಗುಮಾಸ್ತ, ಅವರೆಕಾಯಿಯದೇ ಹದಿನಾಲ್ಕು ಫೋಟೋ ಹಾಕಿದರು. ಸಂಜೆಯ ಹೊತ್ತಿಗೆ ಎಲ್ಲರ ಫೋಟೋ ಬಂದಿತ್ತು, ತನುಶ್ರೀ ಮನೆಯದೊಂದು ಬಿಟ್ಟು. ಮಿಸ್ಸು ಹಿಂದೆಮುಂದೆ ಯೋಚಿಸದೆ ಗ್ರೂಪಿನಲ್ಲೇ ಬರೆದರು, "ತನುಶ್ರೀ ಮನೆಯವರೇ, ನಿಮ್ಮದು ಬಂದಿಲ್ಲ."

ಕೂಡಲೇ ಶ್ರೀಕರ್ ಉತ್ತರ ಹಾಕಿದರು: "ಫೋನು ತನುಶ್ರೀ ಕೈಯಿಂದ ಅವರಪ್ಪನ ಕೈಗೆ ಸಿಕ್ಕಿದ್ರೆ ತಾನೆ ಮಿಸ್ ಫೋಟೋ ತೆಗೆಯೋದು!" ಕೆಳಗೆ ಹಲ್ಲು ಬಿಟ್ಟು ನಗುವ ಮುಖಗಳು ಸಾಲಾಗಿ ಬಂದವು.

ಮುಂದಿನ ವಾರ ತನುಶ್ರೀ ಎಂದಿನಂತೆ ಬಂದಳು. ಅದರ ಮುಂದಿನ ಸೋಮವಾರ ಬರಲಿಲ್ಲ. ಮಂಗಳವಾರವೂ ಇಲ್ಲ. ಅವರಪ್ಪ ವೇಣುಗೋಪಾಲ್ ಗ್ರೂಪಿನಿಂದ ಹೊರಗೆ ಹೋಗಿದ್ದ. ಫೋನು ಮಾಡಿದರೆ ತೆಗೆಯಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಮಿಸ್ಸು ಮನೆ ಹುಡುಕಿಕೊಂಡು ನಡೆದರು.

ಬೀದಿ ತಿರುಗುವಾಗಲೇ ಬೆಂದ ಹುಳದ ವಾಸನೆ ಬಂತು. ಮುಂದೆ ಅಂಗಳ, ಹಿಂದೆ ಶೀಟು ಹೊದಿಸಿದ ಕೋಣೆ. ಕೋಣೆಯಲ್ಲಿ ರೇಷ್ಮೆ ನೂಲು ತೆಗೆಯುವ ಚರಕ ತಿರುಗುತ್ತಿತ್ತು. ಒಲೆಯ ಮೇಲೆ ದೊಡ್ಡ ಬಾನಿಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು, ಅದರೊಳಗೆ ರೇಷ್ಮೆ ಹುಳದ ಗೂಡು. ಅದರ ಮುಂದೆ ಕೂತಿದ್ದವರು ವೇಣುಗೋಪಾಲನ ತಾಯಿ ಮಂಗಮ್ಮ. ಬೆರಳುಗಳೆಲ್ಲ ನೀರಲ್ಲಿ ನೆಂದು ಬೆಳ್ಳಗಾಗಿದ್ದವು. ಅಂಗಳದ ಮೂಲೆಯಲ್ಲಿ ತನುಶ್ರೀ ಫೋನು ನೋಡುತ್ತ ಕೂತಿದ್ದಳು. ಎಡಗೈಗೆ ಬಿಳಿ ಪಟ್ಟಿ ಸುತ್ತಿದ್ದರು.

ಮಿಸ್ಸು ಅವಳ ಹತ್ತಿರ ಹೋಗಿ ಬಗ್ಗಿ ನೋಡಿದರು. "ಏನಾಯ್ತಮ್ಮ ಮಗೂಗೆ?"

"ಏನಾಯ್ತು ಅಂತ ನಮ್ಮನ್ನ ಕೇಳ್ತೀರಾ ಮಿಸ್ಸಮ್ಮ? ನಿಮ್ ಮೆಸೇಜಾಯ್ತು!" ಮಂಗಮ್ಮನ ಕೈ ನಿಲ್ಲಲಿಲ್ಲ, ಬಾಯೂ ನಿಲ್ಲಲಿಲ್ಲ. "ಸೊಸೆ ಬಾಣಂತನಕ್ಕೆ ಅಂತ ತವರಿಗೆ, ಕೆಂಚಾರ್ಲಹಳ್ಳಿಗೆ ಹೋಗವ್ಳೆ. ಇರೋರು ನಾವಿಬ್ರು. ಗೂಡಿಗೆ ಭಾನುವಾರ ಗೊತ್ತಾ? ತಂದ್ಮೇಲೆ ಬಿಟ್ರೆ ಚಿಟ್ಟೆ ತೂತು ಮಾಡ್ಕೊಂಡು ಹಾರೋಗ್ತದೆ. ಇವ್ಳೋ ಒಂದ್ ಕಡೆ ಕೂರೋಳಲ್ಲ. ಆ ಫೋನು ನಮ್ಗೆ ಗೂಟ ಮಿಸ್ಸಮ್ಮ. ಕರೂನ ಗೂಟಕ್ಕೆ ಕಟ್ಟಲ್ವಾ, ಹಂಗೆ. ಎಲ್ರೂ ನಕ್ರು ಅಂತ ನನ್ ಮಗ ಮೊನ್ನೆ ಭಾನುವಾರ ರೋಷಕ್ಕೆ ಫೋನ್ ಬೀರೂಗಿಟ್ಟು ಬೀಗ ಹಾಕ್ದ. ಅರ್ಧ ಗಂಟೆ ಅತ್ಲು. ಆಮೇಲೆ, ನನ್ನೇ ಅವ್ವ ಅಂತಾಳಲ್ಲ, ಅವ್ವ ಏನ್ಮಾಡ್ತವ್ಳೆ ನೋಡಣ ಅಂತ ನನ್ ಹಿಂದಿಂದ ಬಂದವ್ಳೆ. ಜಾಲರಿ ಸೌಟು ತಗುಲಿ ನೀರು ಚೆಲ್ತು. ದೇವುಡಾ! ಮುಖಕ್ಕೆ ಬಿದ್ದಿದ್ರೆ?"

ಗಾಯ ದೊಡ್ಡದಲ್ಲ. ಮಂಗಮ್ಮ ತಕ್ಷಣ ಕೈಯನ್ನು ನಲ್ಲಿ ನೀರಿಗೆ ಹಿಡಿದು, ಆಸ್ಪತ್ರೆಗೆ ಓಡಿದ್ದರು. ಆದರೆ ವೇಣುಗೋಪಾಲ್ ತೀರ್ಮಾನ ಮಾಡಿಬಿಟ್ಟಿದ್ದ. ಚರಕದ ಹಿಂದಿನಿಂದ ತಲೆ ಎತ್ತದೆಯೇ ಹೇಳಿದ, "ಸ್ಕೂಲಿಗೆ ಇನ್ ಕಳ್ಸಲ್ಲ ಮಿಸ್. ಅಲ್ಲಿರೋದೆಲ್ಲ ಆಫೀಸ್‌ನೋರ ಮಕ್ಳು. ನಮ್ದು ಬೇರೆ."

ಬೇರೆಯವರಾಗಿದ್ದರೆ ಸಮಾಧಾನ ಹೇಳುತ್ತಿದ್ದರು, ಇಲ್ಲವೇ ಮೆಸೇಜಿನಲ್ಲಿ ತಪ್ಪೇನಿತ್ತು ಎಂದು ವಾದಿಸುತ್ತಿದ್ದರು. ಪ್ರಿಯಂವದಾ ಮಿಸ್ಸು ಅಂಗಳದ ಕಟ್ಟೆಯ ಮೇಲೆ ಕೂತರು. "ತಪ್ಪು ನಂದೇ ಕಣಪ್ಪ. ಮನೆ ನೋಡದೆ ಬರ್ದೆ, ಆಮೇಲೆ ಹತ್ತು ಜನದ ಮುಂದೆ ಹೆಸ್ರು ಬೇರೆ ಎತ್ದೆ," ಎಂದರು. ಕತ್ತಲಾಗುವವರೆಗೂ ಕೂತೇ ಇದ್ದರು. ಮಂಗಮ್ಮ ಸೊಸೆಯ ಹೆರಿಗೆ, ಬೆನ್ನುನೋವು, ಗೂಡಿನ ಗುಣ ಎಲ್ಲ ಹೇಳಿಕೊಂಡರು, ಇವರು ಕೇಳಿಸಿಕೊಂಡರು. ಕೇಳುತ್ತಲೇ ಕಣ್ಣಲ್ಲಿ ಅಳೆದರು: ಬಾನಿ ಎಲ್ಲಿದೆ, ಮಗು ಎಲ್ಲಿಂದ ಬರುತ್ತದೆ, ನೀರು ಎಷ್ಟು ದೂರ ಸಿಡಿಯುತ್ತದೆ. ಮೂಲೆಯಲ್ಲೊಂದು ಚೀಲ ಕಂಡಿತು. "ಅದೇನಮ್ಮ?"

"ತೂತು ಗೂಡು. ಚಿಟ್ಟೆ ಹಾರಿದ್ದು. ದಾರ ಬರಲ್ಲ, ದಂಡ."

ಮನೆಗೆ ಹೋದವರು ಊಟಕ್ಕೂ ಮುಂಚೆ ಗ್ರೂಪಿನಲ್ಲಿ ಬರೆದರು. "ತನುಶ್ರೀ ಮನೆಯವರ ಹೆಸರು ಎಲ್ಲರ ಮುಂದೆ ಎತ್ತಿದ್ದು ನನ್ನ ತಪ್ಪು. ಅವರ ಮನೆಯಲ್ಲಿ ಭಾನುವಾರವೂ ಒಲೆ ಉರಿಯುತ್ತದೆ. ಅದನ್ನು ತಿಳಿಯದೆ ಬರೆದೆ. ಕ್ಷಮಿಸಿ." ಹಲ್ಲು ಬಿಟ್ಟ ಮುಖಗಳು ಈ ಸಲ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಶ್ರೀಕರ್ ಮಿಸ್ಸಿಗೆ ಫೋನು ಮಾಡಿದರು. "ನಾನೂ ಅಂದ್ಬಿಟ್ಟೆ ಮಿಸ್. ನಿಜ ಹೇಳ್ಲಾ? ಅವತ್ತು ನಮ್ ಅಚ್ಯುತ್ ಸುಲಿದಿದ್ದು ಮೂರ್ ಕಾಯಿ. ಉಳಿದ ಹೊತ್ತೆಲ್ಲ ನನ್ ಫೋನಲ್ಲಿ ಅವನ್ ಫೋಟೋನೇ ನೋಡ್ತಾ ಕೂತಿದ್ದ."

ಮಿಸ್ಸು ನಕ್ಕುಬಿಟ್ಟರು. ಆಮೇಲೆ ಯೋಚನೆಗೆ ಬಿದ್ದರು.

ಆ ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ ಮತ್ತೆ ಮಂಗಮ್ಮನ ಮನೆಗೆ ಹೋದರು. ಮಿಸ್ಸು ಗ್ರೂಪಿನಲ್ಲಿ ಕ್ಷಮೆ ಕೇಳಿದ ಮೆಸೇಜನ್ನು ವೇಣುಗೋಪಾಲನಿಗೆ ಯಾರೋ ತೋರಿಸಿದ್ದರು. ಮುಖ ಸ್ವಲ್ಪ ಸಡಿಲವಾಗಿತ್ತು. ಮಿಸ್ಸು ಕೇಳಿದ್ದು ಒಂದೇ: "ಈ ಕೋಣೆ ಬಾಗ್ಲಿಗೆ ನೆಲದಿಂದ ಇವ್ಳ ಕತ್ತಿನೆತ್ತರ ಒಂದ್ ಹಲಗೆ ಗೇಟು ಹೊಡೀತೀಯೇನಪ್ಪ? ಚಿಲ್ಕ ನಿಮ್ ಕಡೆ ಇರ್ಲಿ. ಮಗೂಗೆ ಅಜ್ಜಿ ಕಾಣ್ಬೇಕು, ಬಾನಿ ಎಟುಕ್ಬಾರ್ದು."

ಹಳೇ ಮಂಚದ ಹಲಗೆ ಇತ್ತು. ಗಟ್ಟಿಯಾಗಿ ಮೊಳೆ ಹೊಡೆದು ನಿಲ್ಲಿಸುವುದಕ್ಕೆ ಒಂದು ಗಂಟೆ ಹಿಡಿಯಿತು. ಅಂಗಳದ ಕಡೆ ಚಾಪೆ ಹಾಸಿ, ಮಿಸ್ಸು ತೂತು ಗೂಡಿನ ಚೀಲ ಸುರಿದರು. ದೊಡ್ಡವು ಒಂದು ತಟ್ಟೆಗೆ, ಸಣ್ಣವು ಒಂದು ತಟ್ಟೆಗೆ. ಬಿಳಿ ಬೇರೆ, ಹಳದಿ ಬೇರೆ. ಸಾಲಾಗಿ ಇಟ್ಟರೆ ರೈಲು. ಬೆರಳಿಗೆ ಸಿಕ್ಕಿಸಿದರೆ ಟೋಪಿ.

"ಇದೇನ್ ಮಿಸ್ಸಮ್ಮ, ಈಗ್ಲೇ ಗೂಡಿನ ಕೆಲ್ಸಕ್ಕೆ ಹಚ್ತೀರಾ?" ಮಂಗಮ್ಮ ಕಿಚಾಯಿಸಿದರು.

"ಕೆಲ್ಸ ಅಲ್ಲಮ್ಮ, ಆಟ. ದೊಡ್ದು ಸಣ್ದು ಬೆರಸಿದ್ರೂ ಬೈಬೇಡಿ. ನೀವ್ ಕೈಯಲ್ಲಿ ಮಾಡೋದನ್ನ ಬಾಯಲ್ಲಿ ಹೇಳ್ತಾ ಇರಿ, ಸಾಕು."

"ಯಾರಿಗ್ ಹೇಳೋದು?"

"ಅವ್ಳಿಗೇ."

ಮಂಗಮ್ಮನಿಗೆ ಮಾತು ಹೇಳಿಕೊಡಬೇಕೆ! "ನೋಡೇ ತನು, ಎಳೆ ಸಿಕ್ತು... ಅಯ್ಯೋ ಕಿತ್ತೋಯ್ತು, ಕಳ್ಳನನ್ಮಗಂದು!" ಎಂದು ಶುರು ಮಾಡಿದರು. ಹಲಗೆಯ ಮೇಲೆ ಗಲ್ಲ ಊರಿ ಹುಡುಗಿ ಕೇಳಿದಳು, "ಯಾಕವ್ವ ಕಿತ್ತೋಯ್ತು?" ಒಂದು ತಾಸಿನಲ್ಲಿ ಅವಳು ಫೋನು ಕೇಳಿದ್ದು ಎರಡು ಸಲ. ಎರಡನೇ ಸಲ ಜೋರಾಗಿ ಅತ್ತಳು ಕೂಡ. ಮಿಸ್ಸು ಗಾಬರಿಯಾಗಲಿಲ್ಲ. "ಒಂದೆರಡು ವಾರ ಅಳ್ತಾಳೆ. ಬಿಸಿನೀರಿನ ಬಾನಿ ಇಳಿಸೋ ಹೊತ್ತಲ್ಲಿ ಒಂದ್ ಕಾಲು ಗಂಟೆ ಕೊಡಿ, ತಪ್ಪಿಲ್ಲ. ಇಳಿಸಿದ್ಮೇಲೆ ವಾಪಸ್ ಇಸ್ಕೊಳ್ಳಿ. ಬೈಕಲ್ಲಿ ಬರ್ವಾಗ ಮಾತ್ರ ಬೇಡ," ಎಂದರು.

ಶುಕ್ರವಾರ ಗ್ರೂಪಿಗೆ ಹೊಸ ಮೆಸೇಜು ಹೋಯಿತು. ಒಂದು ಗಂಟೆಯ ಮಾತು ಹಾಗೇ ಇತ್ತು. ಉಳಿದದ್ದು ಬದಲಾಗಿತ್ತು. "ಫೋಟೋ ಬೇಡ. ಮಾಡಿದ್ದನ್ನು ಸೋಮವಾರ ಮಗುವಿನ ಬಾಯಲ್ಲೇ ಕೇಳುತ್ತೇನೆ. ಭಾನುವಾರ ಕೆಲಸವಿರುವವರು ಬೇರೆ ಸಮಯ ಹುಡುಕಬೇಕಾಗಿಲ್ಲ. ಬೆಂಕಿ, ಬಿಸಿನೀರು, ಮೆಷೀನಿನಿಂದ ದೂರ, ಆದರೆ ನಿಮ್ಮ ಮುಖ ಕಾಣುವ ಹಾಗೆ ಮಗುವನ್ನು ಕೂರಿಸಿ, ಕೈಗೆ ಏನಾದರೂ ಕೊಟ್ಟು, ಮಾತಾಡುತ್ತ ಕೆಲಸ ಮಾಡಿ." ಓದಿದವರಲ್ಲಿ ವೇಣುಗೋಪಾಲನೂ ಇದ್ದ, ಅವನೇ ಕೇಳಿ ಗ್ರೂಪಿಗೆ ಮತ್ತೆ ಸೇರಿದ್ದ, ಸೋಮವಾರದಿಂದ ಮಗಳನ್ನು ಕಳಿಸುತ್ತೇನೆ ಎಂದೂ ಹೇಳಿದ್ದ.

ಸೋಮವಾರ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮಿಸ್ಸಿನ ಮುಂದೆ ತನುಶ್ರೀ ಬಂದು ನಿಂತಳು. ಕೈಯ ಪಟ್ಟಿ ಬಿಚ್ಚಿದ್ದರು.

"ಏನ್ ನೋಡ್ದೆ?"

"ಮಿಸ್, ಒಂದ್ ಗೂಡಲ್ಲಿ ದಾರ ಎಷ್ಟಿದೆ ಗೊತ್ತಾ? ಅವ್ವ ಎಳೀತಾನೇ ಇದ್ಳು, ಎಳೀತಾನೇ ಇದ್ಳು, ನಂಗೆ ಹಸಿವಾದ್ರೂ ಮುಗೀಲಿಲ್ಲ! ಆಮೇಲೆ ದಾರೀಲಿ ಕೋಳಿ, ಗೋಡೆ ಮೇಲೆ ಕೋಳಿ, ಅದು..." ಹಿಂದೆ ಐದು ಮಕ್ಕಳು ಸಾಲುಗಟ್ಟಿದರು. ಮಿಸ್ಸು ಅವಸರ ಮಾಡಲಿಲ್ಲ. ಕೋಳಿ ಗೋಡೆ ಇಳಿಯುವವರೆಗೂ ಕೇಳಿದರು.

ಮಾರನೇ ದಿನ ಬೆಳಿಗ್ಗೆ ಮಿಸ್ಸು ನಡೆದು ಬರುತ್ತಿದ್ದಾಗ ಪಕ್ಕದಲ್ಲಿ ಬೈಕು ನಿಂತಿತು. ಟ್ಯಾಂಕಿನ ಮೇಲೆ ತನುಶ್ರೀ, ಕೈ ಎರಡೂ ಖಾಲಿ.

"ಹತ್ತಿ ಮಿಸ್," ಎಂದ ವೇಣುಗೋಪಾಲ್. "ಗೂಡಿನ ಮಾರ್ಕೆಟ್‌ಗೆ ದಿನಾ ಇದೇ ದಾರೀಲಿ ಹೋಗೋನು ನಾನು. ನಾಳೆಯಿಂದ ನಿಮ್ಮನೆ ಹತ್ರಾನೇ ಬರ್ತೀನಿ. ಈ ವಯಸ್ಸಲ್ಲಿ ಯಾಕ್ ನಡೀತೀರಾ? ಇಷ್ಟಾದ್ರೂ ಮಾಡಕ್ಕೆ ಬಿಡಿ ನಂಗೆ."

ಅವನ ದನಿಯಲ್ಲಿ ನಿಜವಾದ ಅಕ್ಕರೆ ಇತ್ತು. ಮಿಸ್ಸಿಗೆ ಮಂಡಿನೋವು ಇದ್ದದ್ದೂ ನಿಜವೇ. ಅವರು ಹ್ಯಾಂಡಲಿನ ಮೇಲೆ ಕೈಯಿಟ್ಟು, ತನುಶ್ರೀಯ ಕಡೆ ನೋಡಿ ನಕ್ಕರು.

"ಬೇಡಪ್ಪ. ನೀನು ಭರ್ ಅಂತ ಬಿಟ್ಬಿಟ್ರೆ, ನಿನ್ ಮಗಳು ಬಾಗ್ಲಲ್ಲಿ ನಿಂತ್ಕೊಂಡು ನೀವೇನ್ ನೋಡಿದ್ರಿ ಮಿಸ್ ಅಂತಾಳೆ. ಆಗ ನಾನೇನ್ ಹೇಳ್ಲಿ? ನೀವ್ ನಡೀರಿ ಮುಂದೆ. ನಾನು ಬರ್ತೀನಿ."